ಮುಚ್ಚಳದ ಕರಾರು

ಮುಚ್ಚಳ ಪೂರೈಸುವ ಕಂಪನಿಯಿಂದ ಕರಾರು ಬಂದಿದ್ದು ಶುಕ್ರವಾರ ಸಂಜೆ. 14 ಪುಟ, ಪಿಡಿಎಫ್. ಜೊತೆಗೆ ಒಂದು ಸಾಲು: “ಇದು ನಮ್ಮ ಮಾಮೂಲಿ ಕರಾರು, ಎಲ್ಲರೂ ಇದಕ್ಕೇ ಸಹಿ ಮಾಡುತ್ತಾರೆ.” ನನ್ನದು ಆರು ಜನರ ಘಟಕ. ತಲೆಗೆ ಹಚ್ಚುವ ಎಣ್ಣೆಯನ್ನು ಬಾಟಲಿಗೆ ತುಂಬಿ ಮಾರುತ್ತೇವೆ. ನಮ್ಮಲ್ಲಿ ವಕೀಲರಿಲ್ಲ. ಮೊದಲು ವರ್ಡ್ ಫೈಲ್ ಕೇಳಿದೆ. ಪಿಡಿಎಫ್ ಮೇಲೆ ಗುರುತು ಹಾಕಿದರೆ ಆ ಬದಲಾವಣೆಯನ್ನು ಅವರು ಮತ್ತೆ ಟೈಪ್ ಮಾಡಬೇಕು, ಅಲ್ಲೇ ಪದಗಳು ಬದಲಾಗಿಬಿಡುತ್ತವೆ.

ಶನಿವಾರ ಬೆಳಿಗ್ಗೆ ಪೆನ್ನು ಮುಟ್ಟದೆ ಎರಡು ಸಲ ಓದಿದೆ. ಎರಡನೇ ಸಲ ಒಂದೇ ಪ್ರಶ್ನೆ ಇಟ್ಟುಕೊಂಡೆ: ಮುಚ್ಚಳ ಸೋರಿದರೆ ಏನಾಗುತ್ತದೆ? ಉತ್ತರ ಮೂರು ಕಡೆ ಚದುರಿತ್ತು. ಕಲಂ 5ರ ಪ್ರಕಾರ ಸರಕು ತಲುಪಿ 3 ದಿನದೊಳಗೆ ದೂರು ಕೊಡದಿದ್ದರೆ ಅದನ್ನು ಒಪ್ಪಿಕೊಂಡಂತೆ. ಕಲಂ 9ರ ಪ್ರಕಾರ ದೋಷವಿದ್ದರೆ ಬೇರೆ ಮುಚ್ಚಳ ಕೊಡುತ್ತಾರೆ, ಅದೊಂದೇ ಪರಿಹಾರ. ಕಲಂ 12ರ ಪ್ರಕಾರ ಪರೋಕ್ಷ ನಷ್ಟಕ್ಕೆ ಅವರು ಹೊಣೆಯಲ್ಲ. ಉಳಿದ ಹೊಣೆಯೂ ಆ ಒಂದು ಸರಕಿನ ಬೆಲೆಯನ್ನು ಮೀರುವಂತಿಲ್ಲ.

ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅನ್ಯಾಯ ಅನಿಸಲ್ಲ. ಒಟ್ಟಿಗೆ ಇಟ್ಟಾಗಲೇ ನನಗೆ ಭಯವಾಗಿದ್ದು. ಮುಚ್ಚಳದ ಒಳಗಿನ ಸೀಲ್ ಸಡಿಲವಿದ್ದರೆ ಖಾಲಿ ಮುಚ್ಚಳ ನೋಡಿದವರಿಗೆ ಗೊತ್ತಾಗಲ್ಲ. ಎಣ್ಣೆ ತುಂಬಿ, ಬಾಟಲಿ ಅಡ್ಡ ಮಲಗಿ, ಎರಡು ವಾರ ಸಾಗಾಟವಾದ ಮೇಲೆ ಕಾಣಿಸುತ್ತದೆ. ಅಷ್ಟರಲ್ಲಿ 3 ದಿನ ಎಂದೋ ಮುಗಿದಿರುತ್ತದೆ.

ಹಾಳೆಯ ಮೇಲೆ ಲೆಕ್ಕ ಹಾಕಿದೆ. ಒಂದು ಮುಚ್ಚಳದ ಬೆಲೆ 1 ಪಾಲು ಅಂದರೆ, ತುಂಬಿದ ಬಾಟಲಿಗೆ ನನಗೆ ಬೀಳುವ ಖರ್ಚು 30 ಪಾಲು. ತಿಂಗಳಿಗೆ 4,000 ಮುಚ್ಚಳ ಬರುತ್ತದೆ. ಅದರಲ್ಲಿ 400 ಸೋರಿದರೆ ನನ್ನ ನಷ್ಟ 12,000 ಪಾಲು. ಬೇರೆ ಮುಚ್ಚಳ ಕೊಟ್ಟರೆ ಸಿಗುವುದು 400 ಪಾಲು. “ಅದೊಂದೇ ಪರಿಹಾರ” ಎಂಬ ಸಾಲನ್ನು ತೆಗೆಸಿ ಹೊಣೆಯ ಮಿತಿಯನ್ನು ಹಾಗೇ ಬಿಟ್ಟರೂ ಸಿಗುವುದು 4,000 ಪಾಲಿಗೆ ನಿಲ್ಲುತ್ತದೆ. ಅಂದರೆ ಒಂದು ಕಲಂ ಮಾತ್ರ ತಿದ್ದಿದರೆ ಪ್ರಯೋಜನವಿಲ್ಲ, ಮೂರನ್ನೂ ತಿದ್ದಬೇಕು.

ತಿದ್ದಿದ್ದೆಲ್ಲ ಕೆಂಪಾಗಿ ಕಾಣುವಂತೆ ವರ್ಡ್‌ನಲ್ಲಿ ಟ್ರ್ಯಾಕ್ ಚೇಂಜಸ್ ಆನ್ ಮಾಡಿ ಕೂತೆ. ಅವರ ವಾಕ್ಯಗಳನ್ನು ಆದಷ್ಟು ಉಳಿಸಿಕೊಂಡೆ. ಇಡೀ ಕಲಂ ಅಳಿಸಿ ಹೊಸದು ಬರೆದರೆ ಪುಟವೆಲ್ಲ ಕೆಂಪಾಗಿ, ಓದುವವರು ಸುಮ್ನೆ ಬೇಡ ಅಂದುಬಿಡುತ್ತಾರೆ. ಕಲಂ 5ರಲ್ಲಿ 3 ದಿನವನ್ನು ಮುಟ್ಟಲೇ ಇಲ್ಲ. ಅದರ ಕೆಳಗೆ ಇಷ್ಟು ಸೇರಿಸಿದೆ: “ಸಾಮಾನ್ಯ ಪರಿಶೀಲನೆಯಲ್ಲಿ ಕಾಣದ ದೋಷವಿದ್ದರೆ, ಅದು ಗೊತ್ತಾದ 10 ದಿನದೊಳಗೆ, ಸರಕು ತಲುಪಿದ 6 ತಿಂಗಳ ಒಳಗೆ ತಿಳಿಸಬಹುದು.” ಕಲಂ 9ರಲ್ಲಿ “ಅದೊಂದೇ ಪರಿಹಾರ” ಎಂಬುದನ್ನು ಹೊಡೆದುಹಾಕಿದೆ. ಕಲಂ 12ರಲ್ಲಿ ಹಾಳಾದ ಎಣ್ಣೆ ಮತ್ತು ಬಾಟಲಿ, ವಾಪಸ್ ತರಿಸುವ ಸಾಗಾಟ, ವಿಲೇವಾರಿ ಖರ್ಚು, ಇವೆಲ್ಲ ನೇರ ನಷ್ಟ ಎಂದು ಹೆಸರಿಟ್ಟು ಬರೆದೆ. ಬರೆಯದಿದ್ದರೆ ಯಾವುದು ನೇರ, ಯಾವುದು ಪರೋಕ್ಷ ಅನ್ನುವುದೇ ಮುಂದೆ ಜಗಳವಾಗುತ್ತದೆ. ಮಿತಿಯನ್ನು 12 ತಿಂಗಳ ಖರೀದಿಯ ಬೆಲೆಗೆ ಏರಿಸಿದೆ. ಪ್ರತಿ ತಿದ್ದುಪಡಿಯ ಪಕ್ಕ ಕಾಮೆಂಟಿನಲ್ಲಿ ಒಂದೇ ಸಾಲಿನ ಕಾರಣ ಕೊಟ್ಟೆ.

ಇಂಥ ಮಿತಿ ಎಲ್ಲಿಯವರೆಗೆ ನಿಲ್ಲುತ್ತದೆ ಎನ್ನುವುದು ಆಯಾ ದೇಶದ ಕಾನೂನಿಗೆ ಬಿಟ್ಟಿದ್ದು. ಅದೊಂದನ್ನೇ ಕೇಳಲು ವಕೀಲರೊಬ್ಬರಿಗೆ ಒಂದು ಗಂಟೆಯ ಶುಲ್ಕ ಕೊಟ್ಟೆ. ಬೆಲೆ ಏರಿಕೆ, ತಡವಾದ ಪಾವತಿಯ ಬಡ್ಡಿ, ಇವೂ ಇಷ್ಟವಾಗಿರಲಿಲ್ಲ, ಆದರೆ ಬಿಟ್ಟೆ. ಹದಿನೈದು ವಿಷಯ ಕೇಳಿದ್ದರೆ ಈ ಮೂರು ಅದರಲ್ಲಿ ಕಳೆದುಹೋಗುತ್ತಿದ್ದವು.

ಬುಧವಾರ ಅವರ ಮಾರಾಟ ವ್ಯವಸ್ಥಾಪಕರು ಫೋನ್ ಮಾಡಿದರು. “ಮೇಡಂ, ನೀವು ಕಳೆದುಕೊಳ್ಳುವ ಲಾಭಕ್ಕೆಲ್ಲ ನಾವು ಜವಾಬ್ದಾರಿ ತಗೊಳ್ಳೋಕಾಗಲ್ಲ” ಎಂದರು. “ಲಾಭ ಬೇಡ ಸರ್, ಹಾಳಾದ ಸರಕಿನ ಖರ್ಚು ಸಾಕು” ಎಂದೆ. ಲೆಕ್ಕದ ಹಾಳೆ ಎದುರಿಗಿತ್ತು, ಓದಿ ಹೇಳಿದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಕೊನೆಗೆ 6 ತಿಂಗಳ ಖರೀದಿಗೆ ಒಪ್ಪಿದರು, ಅಂದರೆ 24,000 ಪಾಲು. ನನ್ನ 12,000 ಅದರೊಳಗೆ ಬರುತ್ತದೆ. ಕಾಣದ ದೋಷಕ್ಕೆ 6 ತಿಂಗಳ ಬದಲು 4 ತಿಂಗಳು ಎಂದರು. ನಮ್ಮ ಸರಕು ಅಂಗಡಿಯಲ್ಲಿ ಅಷ್ಟು ದಿನ ಕೂರುವುದಿಲ್ಲ, ಹಾಗಾಗಿ ಒಪ್ಪಿದೆ.

ಮರುದಿನ ಬಂದ “ಅಂತಿಮ” ಫೈಲಿನಲ್ಲಿ ಕೆಂಪು ಗೆರೆ ಒಂದೂ ಇರಲಿಲ್ಲ. ಎರಡು ಫೈಲಿನ ವ್ಯತ್ಯಾಸ ತೋರಿಸುವ ವರ್ಡ್‌ನ ಕಂಪೇರ್‌ನಲ್ಲಿ, ನಾನು ಕಳಿಸಿದ್ದರ ಜೊತೆ ಅದನ್ನು ಇಟ್ಟು ನೋಡಿದೆ. ಒಪ್ಪಿದ್ದೆಲ್ಲ ಇತ್ತು, ಆದರೆ “ಅದೊಂದೇ ಪರಿಹಾರ” ಕಲಂ 9ಕ್ಕೆ ವಾಪಸ್ ಬಂದಿತ್ತು. ಹಳೆಯ ಪ್ರತಿಯಿಂದ ಉಳಿದುಕೊಂಡಿತೋ, ಬೇಕೆಂದೇ ಹಾಕಿದರೋ ಕೇಳಲಿಲ್ಲ. ಆ ಸಾಲನ್ನು ಗುರುತು ಮಾಡಿ ಕಳಿಸಿದೆ. ಸಂಜೆಯೊಳಗೆ ತೆಗೆದರು. ಮತ್ತೊಮ್ಮೆ ಕಂಪೇರ್ ಮಾಡಿ ಸಹಿ ಹಾಕಿದೆ.

ಈಗ ಪ್ರತಿ ಸರಕು ಬಂದ ದಿನವೇ 50 ಬಾಟಲಿ ತುಂಬಿ, ಅಡ್ಡ ಮಲಗಿಸಿ, ತಾರೀಖು ಬರೆದು ಪಕ್ಕದ ಕಪಾಟಿನಲ್ಲಿ ಇಡುತ್ತೇವೆ. ಸೋರಿಕೆ ಕಂಡರೆ ಆ ದಿನದಿಂದ 10 ದಿನ ಶುರು.