ಬಚ್ಚಲಿನ ಜಾಲರಿಯ ಕೆಳಗೆ

ಸ್ನಾನ ಮುಗಿಯುವ ಹೊತ್ತಿಗೆ ನೀರು ಪಾದ ಮುಳುಗುವಷ್ಟು ನಿಲ್ಲತೊಡಗಿದಾಗ ನಾನು ಮೊದಲು ಮಾಡಿದ್ದು ದೊಡ್ಡ ತಪ್ಪು. ಬಚ್ಚಲಿನ ಜಾಲರಿಯನ್ನು ಎತ್ತಿ, ಅದರಡಿಯಲ್ಲಿ ಬೋರಲಾಗಿ ಕುಳಿತಿದ್ದ ಪ್ಲಾಸ್ಟಿಕ್ ಬಟ್ಟಲನ್ನು ತೆಗೆದಿಟ್ಟೆ. ನೀರು ಗಳಗಳನೆ ಇಳಿದುಹೋಯಿತು. ಬಟ್ಟಲೇ ಅಡ್ಡಿಯಾಗಿತ್ತೆಂದು ತೀರ್ಮಾನಿಸಿ, ಜಾಲರಿಯನ್ನಷ್ಟೇ ಮುಚ್ಚಿ ನಿಶ್ಚಿಂತನಾದೆ. ನಾಲ್ಕನೆಯ ದಿನ ಬೆಳಗ್ಗೆ ಬಚ್ಚಲಮನೆಯ ಬಾಗಿಲು ತೆರೆದರೆ ಚರಂಡಿಯ ವಾಸನೆ ಮುಖಕ್ಕೆ ರಾಚಿತು. ಜಾಲರಿಯ ತೂತಿನಿಂದ ಜಿರಲೆಯೊಂದು ಮೀಸೆಯಾಡಿಸುತ್ತಿತ್ತು.

ನಮ್ಮ ಬಚ್ಚಲಿನ ಟ್ರ್ಯಾಪ್ ಸರಳವಾದದ್ದು. ನೆಲದೊಳಗೆ ಹೂತ ಕುಂಡದ ನಡುವೆ ಒಂದು ಗಿಡ್ಡ ಕೊಳವೆ ಮೇಲ್ಮುಖವಾಗಿ ನಿಂತಿದೆ, ಬಟ್ಟಲು ಅದರ ಮೇಲೆ ಟೋಪಿಯಂತೆ ಕೂರುತ್ತದೆ. ಕುಂಡಕ್ಕೆ ಬಿದ್ದ ನೀರು ಬಟ್ಟಲಿನ ಅಂಚಿನಡಿ ನುಸುಳಿ, ಒಳಗೆ ಮೇಲೇರಿ, ಕೊಳವೆಯ ಬಾಯಿಯಿಂದ ಕೆಳಗಿಳಿಯಬೇಕು. ಕೊಳವೆಯ ಬಾಯಿಯ ಮಟ್ಟದವರೆಗೆ ಕುಂಡದಲ್ಲಿ ನೀರು ಸದಾ ನಿಂತಿರುತ್ತದೆ, ಬಟ್ಟಲಿನ ಅಂಚು ಆ ನೀರಿನಲ್ಲಿ ಮುಳುಗಿರುತ್ತದೆ. ಚರಂಡಿಯ ಗಾಳಿಯನ್ನು ತಡೆಯುವುದು ಈ ನೀರಿನ ಬೀಗವೇ. ಬಟ್ಟಲನ್ನು ತೆಗೆದ ನಾನು ಬೀಗವನ್ನೇ ಕಿತ್ತು, ಕೂದಲು ನೇರವಾಗಿ ಮುಂದಿನ ಕೊಳವೆಗೆ ಹೋಗಲು ದಾರಿ ಮಾಡಿಕೊಟ್ಟಿದ್ದೆ.

ಆದರೂ ಆ ತಪ್ಪಿನಿಂದ ಒಂದು ಸಂಗತಿ ಸ್ಪಷ್ಟವಾಗಿತ್ತು. ಬಟ್ಟಲಿಲ್ಲದೆ ನೀರು ಸರಾಗವಾಗಿ ಇಳಿಯುವುದಾದರೆ ಕಟ್ಟಿರುವುದು ಟ್ರ್ಯಾಪಿನಲ್ಲೇ. ಬಟ್ಟಲು ತೆಗೆದ ಮೇಲೂ ನೀರು ನಿಲ್ಲುವುದಾದರೆ ಅಥವಾ ಒಳಗಿನಿಂದಲೇ ಉಕ್ಕುವುದಾದರೆ ಅಡ್ಡಿ ಕೊಳವೆಯ ಮುಂದಿನ ಭಾಗದಲ್ಲಿದೆ, ಅದು ಕೈಗೆ ಸಿಗುವ ಕೆಲಸವಲ್ಲ.

ಆ ಭಾನುವಾರ ರಬ್ಬರ್ ಕೈಗವಸು ಹಾಕಿಕೊಂಡು ಕುಳಿತೆ. ಮನೆಯಲ್ಲಿ ಆ್ಯಸಿಡ್ ಬಾಟಲಿ ಇತ್ತು, ಮುಟ್ಟಲಿಲ್ಲ. ಆ್ಯಸಿಡ್ಡಿಗೆ ಕೂದಲು ಸುಲಭವಾಗಿ ಕರಗುವುದಿಲ್ಲ. ಮೊದಲೇ ಬ್ಲೀಚಿಂಗ್ ದ್ರಾವಣ ಸುರಿದಿದ್ದ ಜಾಗಕ್ಕೆ ಅದು ಬಿದ್ದರೆ ಏಳುವುದು ಕ್ಲೋರಿನ್ ಅನಿಲ. ಕುಂಡದಲ್ಲಿದ್ದ ನೀರನ್ನು ಲೋಟದಿಂದ ಮೊಗೆದು ತೆಗೆದ ಮೇಲೆ ನಿಜವಾದ ಸಂಗತಿ ಕಾಣಿಸಿತು. ನಡುಗೊಳವೆಯ ಸುತ್ತ ಕೂದಲು ಸಿಂಬಿಯಂತೆ ಸುತ್ತಿಕೊಂಡಿತ್ತು, ಅದರ ಎಳೆಗಳ ನಡುವೆ ಬೂದುಬಣ್ಣದ ಲೋಳೆ ಮೆತ್ತಿಕೊಂಡಿತ್ತು. ಬಟ್ಟಲು ಮರಳಿ ಕೂತರೆ ಅದರ ಅಂಚಿಗೂ ಈ ಸಿಂಬಿಗೂ ನಡುವೆ ನೀರು ಹರಿಯಲು ಹೆಚ್ಚೆಂದರೆ ಒಂದು ಗೋಧಿ ಕಾಳಿನಷ್ಟು ಸಂದು ಉಳಿಯುತ್ತಿತ್ತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸಾಬೂನಿನೊಂದಿಗೆ ಸೇರಿ ನೀರಿನಲ್ಲಿ ಕರಗದ ಪಸೆಯಾಗುತ್ತದೆ. ಕೂದಲಿಲ್ಲದಿದ್ದರೆ ಅದರಲ್ಲಿ ಬಹುಪಾಲು ಕೊಚ್ಚಿಹೋಗುತ್ತಿತ್ತೇನೋ. ಕೂದಲಿನ ಬಲೆ ಅದನ್ನು ಹಿಡಿದಿಡುತ್ತದೆ, ಹಿಡಿದಿಟ್ಟ ಪಸೆ ಇನ್ನಷ್ಟು ಕೂದಲನ್ನು ಅಂಟಿಸಿಕೊಳ್ಳುತ್ತದೆ.

ಸಿಂಬಿಯನ್ನು ನೇರ ಎಳೆದರೆ ತುಂಡಾಗಿ ಅರ್ಧ ಒಳಗೇ ಬೀಳುತ್ತದೆಂದು ಮೊದಲ ಎಳೆತದಲ್ಲೇ ತಿಳಿಯಿತು. ಹಳೆಯ ಚಮಚದ ಹಿಡಿಯನ್ನು ಅದರೊಳಗೆ ತೂರಿಸಿ, ದಾರ ಸುತ್ತುವಂತೆ ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸಿದಾಗ ಅದು ಇಡಿಯಾಗಿ ಬಿಟ್ಟುಕೊಂಡಿತು. ಒದ್ದೆ ಇಲಿಯಂತಿದ್ದ ಆ ಮುದ್ದೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಕಮೋಡಿಗೆ ಹಾಕಿ ನೀರು ಬಿಟ್ಟಿದ್ದರೆ ಕಟ್ಟುವ ಜಾಗವಷ್ಟೇ ಬದಲಾಗುತ್ತಿತ್ತು.

ಬಟ್ಟಲಿಲ್ಲದ ಆ ನಾಲ್ಕು ದಿನಗಳ ಕೂದಲು ನಡುಗೊಳವೆಯ ಒಳಗೂ ಇಳಿದಿರಬೇಕೆಂಬ ಅನುಮಾನವಿತ್ತು. ಗಟ್ಟಿ ತಂತಿಯ ತುದಿಯನ್ನು ಸಣ್ಣ ಕೊಕ್ಕೆಯಾಗಿ ಬಗ್ಗಿಸಿ, ತಳ್ಳದೆ, ಕೊಳವೆಯ ಗೋಡೆಗೆ ತಾಗಿಸಿಕೊಂಡು ಇಳಿಸಿ, ತಿರುಗಿಸಿ ಮೇಲೆತ್ತಿದೆ. ಮೂರನೆಯ ಸಲ ಗೇಣುದ್ದದ ಎಳೆಯೊಂದು ಬಂತು, ಐದನೆಯ ಸಲ ಕೊಕ್ಕೆ ಬರಿದಾಗಿತ್ತು. ಆಮೇಲೆ ಪಾತ್ರೆ ತೊಳೆಯುವ ದ್ರವ, ಬಾಟಲಿ ಬ್ರಷ್ಷು ಮತ್ತು ಕೈಗೆ ಸಹಿಸುವಷ್ಟು ಬಿಸಿಯ ನೀರಿನಿಂದ ಕುಂಡವನ್ನೂ ಬಟ್ಟಲಿನ ಒಳಮೈಯನ್ನೂ ಉಜ್ಜಿದೆ. ಕುದಿಯುವ ನೀರನ್ನು ಬಳಸಲಿಲ್ಲ, ಏಕೆಂದರೆ ಪಿವಿಸಿ ಕೊಳವೆ ಸುಮಾರು 80 ಡಿಗ್ರಿ ಸೆಲ್ಸಿಯಸ್ಸಿಗೇ ಮೆತ್ತಗಾಗುತ್ತದೆ.

ಬಟ್ಟಲನ್ನು ಮರಳಿ ಕೂರಿಸಿ ಬಕೆಟ್ ನೀರನ್ನು ಒಮ್ಮೆಲೇ ಸುರಿದೆ. ಹಿಂದೆ ನಾಲ್ಕು ನಿಮಿಷ ನಿಲ್ಲುತ್ತಿದ್ದ ನೀರು ಅರ್ಧ ನಿಮಿಷದಲ್ಲಿ ಖಾಲಿಯಾಯಿತು. ಅಷ್ಟಕ್ಕೇ ಬಿಡದೆ ಟಾರ್ಚ್ ಹಿಡಿದು ಕುಂಡದೊಳಗೆ ನೋಡಿದೆ: ಬಟ್ಟಲಿನ ಅಂಚು ಸುತ್ತಲೂ ನೀರಿನಲ್ಲಿ ಮುಳುಗಿತ್ತು. ವಾಸನೆ ಸಂಜೆಯ ಹೊತ್ತಿಗೆ ಹೋಯಿತು.

ಈಗ ವಾರಕ್ಕೊಮ್ಮೆ ಬಟ್ಟಲೆತ್ತಿ ಅಂಚಿನ ನಾಲ್ಕಾರು ಕೂದಲನ್ನು ಬೆರಳಿನಿಂದಲೇ ತೆಗೆಯುತ್ತೇನೆ. ಹೆಚ್ಚು ಬಳಸದ ಇನ್ನೊಂದು ಬಚ್ಚಲಿನಲ್ಲಿ ಕೂದಲಿನ ಕಾಟವಿಲ್ಲ, ಆದರೆ ಅಲ್ಲಿ ಬೀಗದ ನೀರು ಆವಿಯಾಗಿ ಇಂಗಿಹೋಗುತ್ತದೆ. ಹಾಗಾಗಿ ಅದಕ್ಕೂ ಅದೇ ದಿನ ಒಂದು ಚೊಂಬು ನೀರು ಸುರಿದು ಬರುತ್ತೇನೆ.