ಭಟ್ಟರ ಸೌಟು, ಸ್ಟೋರಿನ ತಕ್ಕಡಿ

ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಸ್ಟೋರು ನೋಡಿಕೊಳ್ಳುವುದು ನನ್ನ ಕೆಲಸ. ಅಡುಗೆಮನೆಯಲ್ಲಿ ಎಲ್ಲ ಲೆಕ್ಕವೂ ಸೌಟಿನಲ್ಲಿ ನಡೆಯುತ್ತದೆ. ಸ್ಟೋರಿನಲ್ಲಿ ಎಲ್ಲವೂ ಕಿಲೋದಲ್ಲಿ. ಭಟ್ಟರು ಒಬ್ಬರೇ ಇದ್ದಷ್ಟು ದಿನ ಇದರಿಂದ ತೊಂದರೆ ಇರಲಿಲ್ಲ. ಅವರ ಕೈ, ಅವರ ಸೌಟು, ರುಚಿ ಬದಲಾಗುತ್ತಿರಲಿಲ್ಲ. ಠಾಣೆಯಲ್ಲಿ ಎರಡನೇ ಅಡುಗೆಮನೆ ಶುರುವಾದಾಗ ಭಟ್ಟರ ಅಳತೆಯನ್ನೆಲ್ಲ ಗ್ರಾಂಗೆ ಇಳಿಸಿ ಹಾಳೆಯಲ್ಲಿ ಬರೆದು ಕಳಿಸಬೇಕಾಯಿತು.

ಆ ಹಾಳೆ ಬರೆದವರು ಸೌಟಿಗೆ ನೀರು ತುಂಬಿ ತೂಗಿದರು. 120 ಗ್ರಾಂ ಬಂತು. ಅಲ್ಲಿಗೆ ‘ಒಂದು ಸೌಟು ಅಂದರೆ 120 ಗ್ರಾಂ’ ಎಂದು ಎಲ್ಲ ಪದಾರ್ಥಕ್ಕೂ ಬರೆದುಬಿಟ್ಟರು. ಜೇನುತುಪ್ಪಕ್ಕೂ ಅದೇ, ತುಪ್ಪಕ್ಕೂ ಅದೇ.

ಮೊದಲು ಕೆಟ್ಟದ್ದು ಉಂಡೆ. ಎಳ್ಳು, ಶೇಂಗಾ ಪುಡಿ ಮತ್ತು ಓಟ್ಸ್ ಹಾಕಿ, ಬೆಲ್ಲದ ಬದಲು ಜೇನುತುಪ್ಪದಲ್ಲಿ ಕಟ್ಟುವ ಉಂಡೆ ಅದು. ಆಫೀಸು ಕ್ಯಾಂಟೀನುಗಳಿಗೆ ಹೋಗುತ್ತಿತ್ತು. ಠಾಣೆಯಲ್ಲಿ ಕಟ್ಟಿದ ಉಂಡೆ ಕೈಗೆ ಜಿಡ್ಡು ಜಿಡ್ಡಾಗಿ, ಡಬ್ಬಿಯಲ್ಲಿ ಇಟ್ಟರೆ ಒಡೆದು ಪುಡಿಯಾಗುತ್ತಿತ್ತು. ಎಳ್ಳು ಸರಿ ಹುರಿದಿಲ್ಲ ಅಂದರು ಒಬ್ಬರು, ಜೇನು ಕಲಬೆರಕೆ ಅಂದರು ಇನ್ನೊಬ್ಬರು.

ಭಟ್ಟರ ಲೆಕ್ಕ ಸುಲಭ: ನಾಲ್ಕು ಸೌಟು ಜೇನುತುಪ್ಪ, ಎರಡು ಸೌಟು ಕರಗಿದ ತುಪ್ಪ. ಸೌಟಿನಲ್ಲಿ ನೀರು 120 ಗ್ರಾಂ ಹಿಡಿಯುತ್ತದೆ ಅಂದರೆ ಅದರಲ್ಲಿ ಇರುವ ಜಾಗ 120 ಮಿಲಿ. ಒಂದು ಮಿಲಿ ನೀರು ಹೆಚ್ಚುಕಮ್ಮಿ ಒಂದು ಗ್ರಾಂ ಆದದ್ದರಿಂದ ನೀರಿಗೆ ಮಾತ್ರ ಈ ಎರಡು ಅಂಕಿ ಒಂದೇ ಆಗಿ ಕಾಣುತ್ತವೆ. ಜೇನುತುಪ್ಪ ಮಿಲಿಗೆ ಸುಮಾರು 1.42 ಗ್ರಾಂ ತೂಗುತ್ತದೆ. ಕರಗಿದ ತುಪ್ಪ ಸುಮಾರು 0.91 ಗ್ರಾಂ. ಹಾಗಾಗಿ ಅದೇ ಸೌಟಿನಲ್ಲಿ ಜೇನು 170 ಗ್ರಾಂ, ತುಪ್ಪ 109 ಗ್ರಾಂ. ಭಟ್ಟರು ನಿಜವಾಗಿ ಹಾಕುತ್ತಿದ್ದದ್ದು 680 ಗ್ರಾಂ ಜೇನು, 218 ಗ್ರಾಂ ತುಪ್ಪ. ಠಾಣೆಯವರು ಹಾಳೆ ನೋಡಿ ಹಾಕಿದ್ದು 480 ಗ್ರಾಂ ಜೇನು, 240 ಗ್ರಾಂ ತುಪ್ಪ.

ಅಂಟಿಸುವ ಜೇನು 200 ಗ್ರಾಂ ಕಡಿಮೆ. ಅಂಟು ಬಿಡಿಸುವ ತುಪ್ಪ 22 ಗ್ರಾಂ ಜಾಸ್ತಿ. ತುಪ್ಪದ ಮೂರು ಪಟ್ಟು ಇರಬೇಕಾದ ಜೇನು ಎರಡು ಪಟ್ಟಿಗೆ ಇಳಿಯಿತು. ಇನ್ನು ಉಂಡೆ ನಿಲ್ಲುವುದೆಲ್ಲಿಂದ?

ಇದನ್ನು ಹೇಳಿದಾಗ ಭಟ್ಟರು ಮೊದಲು ಒಪ್ಪಲಿಲ್ಲ. “ಶೆಟ್ರೇ, ಜೇನು ದಪ್ಪ ಇರ್ತದೆ, ಅದಕ್ಕೇ ತೂಕ. ತುಪ್ಪವೂ ಫ್ರಿಜ್ಜಲ್ಲಿಟ್ಟರೆ ಕಲ್ಲಿನ ಹಾಗೆ ಆಗ್ತದಲ್ಲ, ಆಗ ಅದೂ ತೂಕ ಬರಬೇಕಲ್ವಾ?” ಅಂದರು. ಈ ಪ್ರಶ್ನೆ ತುಂಬಾ ಜನರ ತಲೆಯಲ್ಲಿ ಇರುತ್ತದೆ. ದಪ್ಪಕ್ಕೂ ತೂಕಕ್ಕೂ ಸಂಬಂಧ ಇಲ್ಲ. ಎಣ್ಣೆ ನೀರಿಗಿಂತ ಮಂದ, ಆದರೂ ಸಾಂಬಾರಿನ ಮೇಲೆ ತೇಲುತ್ತದೆ. ಅದು ನೀರಿಗಿಂತ ಹಗುರ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಕೊಬ್ಬು ಯಾವುದೇ ಇರಲಿ, ಅದೇ ಜಾಗಕ್ಕೆ ನೀರಿಗಿಂತ ಕಡಿಮೆ ತೂಗುತ್ತದೆ. ಜೇನುತುಪ್ಪದಲ್ಲಿ ನೂರರಲ್ಲಿ ಎಂಬತ್ತರಷ್ಟು ಸಕ್ಕರೆಯೇ, ನೀರು ಇಪ್ಪತ್ತರೊಳಗೆ. ಸಕ್ಕರೆ ನೀರಿಗಿಂತ ಒಂದೂವರೆ ಪಟ್ಟಿಗೂ ಭಾರ. ಆ ಭಾರ ಜೇನಿಗೂ ಬರುತ್ತದೆ. ಮೊಸರಿನಲ್ಲಿ ಹೆಚ್ಚಿನ ಪಾಲು ನೀರೇ. ಅದರಲ್ಲಿರುವ ಕೊಬ್ಬು ಸ್ವಲ್ಪ ಹಗುರ ಮಾಡಿದರೂ, ಹಾಲಿನ ಸಕ್ಕರೆ ಮತ್ತು ಪ್ರೋಟೀನು ಅದಕ್ಕಿಂತ ಜಾಸ್ತಿ ಭಾರ ಸೇರಿಸುತ್ತವೆ. ಹಾಗಾಗಿ ಮಿಲಿಗೆ ಸುಮಾರು 1.03 ಗ್ರಾಂ, ಸೌಟಿಗೆ 124 ಗ್ರಾಂ.

ಗಟ್ಟಿ ತುಪ್ಪದ ವಿಷಯಕ್ಕೆ ಬಂದರೆ, ಹೆಪ್ಪುಗಟ್ಟಿದಾಗ ಅದೇ ತುಪ್ಪ ಸ್ವಲ್ಪ ಕಡಿಮೆ ಜಾಗ ಹಿಡಿಯುತ್ತದೆ, ನಿಜ. ಆದರೆ ಸೌಟಿನಲ್ಲಿ ತೋಡಿದಾಗ ಹರಳು ಹರಳಿನ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ, ಮೇಲೆ ಗೋಪುರವೂ ನಿಲ್ಲುತ್ತದೆ. ಒಂದು ಸಲ 95 ಗ್ರಾಂ, ಇನ್ನೊಂದು ಸಲ 140 ಗ್ರಾಂ ಬಂದರೂ ಆಶ್ಚರ್ಯವಿಲ್ಲ. ಮುಂಬೈ ಸೆಕೆಯಲ್ಲಿ ಹೊರಗಿಟ್ಟ ತುಪ್ಪ ಬಹುತೇಕ ಸಡಿಲವಾಗೇ ಇರುತ್ತದೆ. ಏಸಿ ಸ್ಟೋರಿನಿಂದ ತಂದರೆ ಹಾಗಲ್ಲ. ಪುಣೆಯ ಕಡೆ ಡಿಸೆಂಬರಿನಲ್ಲಂತೂ ಕೇಳುವುದೇ ಬೇಡ. ಸೌಟಿನಲ್ಲಿ ಅಳೆಯಲೇಬೇಕಾದರೆ ಕರಗಿಸಿ ಅಳೆಯಿರಿ. ತೂಗುವುದಾದರೆ ಗಟ್ಟಿಯೋ ನೀರೋ, ವ್ಯತ್ಯಾಸವೇ ಇಲ್ಲ. 218 ಗ್ರಾಂ ಕರಗಿದರೂ 218 ಗ್ರಾಂ.

ಮೊಸರಿನದ್ದೂ ಇದೇ ಕಥೆ. ಗಡ್ಡೆಯಂತೆ ತೆಗೆದರೆ ಸೌಟಿನ ಮೇಲೆ ಗುಡ್ಡ ನಿಲ್ಲುತ್ತದೆ, ಅಂಚಿನ ಮಟ್ಟಕ್ಕೆ ಬರುವುದಿಲ್ಲ. ಕಡೆದು ಸಮ ಮಾಡಿ ಸುರಿದಾಗ ಮಾತ್ರ ಮೇಲಿನ ಅಂಕಿ ಹೊಂದುತ್ತದೆ. ಶ್ರೀಖಂಡದ ಚಕ್ಕಾಕ್ಕೆ ನಾನು ಸೌಟನ್ನೇ ಮುಟ್ಟಲು ಬಿಡುವುದಿಲ್ಲ. ಬಟ್ಟೆಯಲ್ಲಿ ಎಷ್ಟು ಹೊತ್ತು ನೇತಾಡಿದೆ, ಎಷ್ಟು ನೀರು ಇಳಿದಿದೆ ಅನ್ನುವುದರ ಮೇಲೆ ಎಲ್ಲ ಬದಲಾಗುತ್ತದೆ. ಇಳಿದ ಮೇಲೆ ತೂಗಿ, ಆ ತೂಕ ನೋಡಿ ಸಕ್ಕರೆ ಹಾಕಬೇಕು.

ಜೇನುತುಪ್ಪದ ತೊಂದರೆ ಬೇರೆ. ಸೌಟು ತುಂಬುವುದು ಸರಿ ಇರುತ್ತದೆ, ಖಾಲಿ ಆಗುವುದಿಲ್ಲ. ಒಳಗೆ ಅಂಟಿಕೊಂಡದ್ದು ಪ್ರತಿ ಸಲ ಕೆಲವು ಗ್ರಾಂ ಕದಿಯುತ್ತದೆ. ಭಟ್ಟರು ಮೊದಲು ತುಪ್ಪ ಅಳೆದು ಅದೇ ಜಿಡ್ಡು ಸೌಟಿನಲ್ಲಿ ಜೇನು ಅಳೆಯುತ್ತಿದ್ದರು. ಜೇನು ಜಾರಿ ಪೂರ್ತಿ ಬೀಳುತ್ತಿತ್ತು. ಇದು ಹಾಳೆಯಲ್ಲಿ ಎಲ್ಲೂ ಇರಲಿಲ್ಲ, ಅವರೂ ಯಾರಿಗೂ ಹೇಳಿರಲಿಲ್ಲ. ಈಗ ಠಾಣೆಯಲ್ಲಿ ಪಾತ್ರೆಯನ್ನೇ ತಕ್ಕಡಿ ಮೇಲೆ ಇಟ್ಟು, ಸೊನ್ನೆ ಮಾಡಿ, ಡಬ್ಬದಿಂದ ನೇರ ಸುರಿಯುತ್ತಾರೆ. 680 ಬಂದಾಗ ನಿಲ್ಲಿಸುತ್ತಾರೆ. ಮತ್ತೆ ಸೊನ್ನೆ ಮಾಡಿ ತುಪ್ಪ. ಸೌಟೇ ಬೇಡ.

ಒಂದು ಎಚ್ಚರ: ಅಡುಗೆಮನೆಯ ದೊಡ್ಡ ತಕ್ಕಡಿ ಐದು ಗ್ರಾಂ ಮೆಟ್ಟಿಲಿನದ್ದಾಗಿದ್ದರೆ ಅದರಲ್ಲಿ ಚಮಚದ ಲೆಕ್ಕ ತೂಗಬೇಡಿ. ಐದು ಮಿಲಿ ಚಮಚದಲ್ಲಿ ಜೇನು ಏಳು ಗ್ರಾಂ, ತುಪ್ಪ ನಾಲ್ಕೂವರೆ ಗ್ರಾಂ. ಆ ತಕ್ಕಡಿ ಎರಡಕ್ಕೂ ಐದು ಅಂತಲೇ ತೋರಿಸಬಹುದು. ಅಷ್ಟು ಸಣ್ಣದಕ್ಕೆ ಅಳತೆ ಚಮಚವೇ ವಾಸಿ. ಅದೂ ಅಳತೆಯ ಚಮಚ, ಟೀ ಕಲಕುವ ಚಮಚ ಅಲ್ಲ. ಅವು ಒಂದೊಂದು ಒಂದೊಂದು ಗಾತ್ರ.

ಉಂಡೆ ಸರಿಹೋದ ಮೇಲೆ ಇದೇ ಲೆಕ್ಕ ಎಣ್ಣೆ ಖರೀದಿಗೂ ಬೇಕಾಯಿತು. ಎಣ್ಣೆ ಟಿನ್ನು 15 ಲೀಟರಿನದ್ದೂ ಬರುತ್ತದೆ, 15 ಕಿಲೋದ್ದೂ ಬರುತ್ತದೆ. ನೋಡಲು ಅಂಥ ವ್ಯತ್ಯಾಸ ಕಾಣುವುದಿಲ್ಲ. ವ್ಯಾಪಾರಿಯೂ ಬಾಯಲ್ಲಿ ‘ಪಂದ್ರಾವಾಲಾ’ ಅಂದು ಮುಗಿಸುತ್ತಾನೆ. ಉದಾಹರಣೆಗೆ 15 ಲೀಟರಿನ ಟಿನ್ನಿಗೆ 2,100 ರೂಪಾಯಿ, 15 ಕಿಲೋ ಟಿನ್ನಿಗೆ 2,250 ಅಂತಿಟ್ಟುಕೊಳ್ಳಿ. ಮೊದಲನೆಯದು ಸೋವಿ ಅನಿಸುತ್ತದೆ. ಆದರೆ ಎಣ್ಣೆ ಲೀಟರಿಗೆ ಸುಮಾರು 910 ಗ್ರಾಂ. ಹದಿನೈದು ಲೀಟರು ಅಂದರೆ 13.65 ಕಿಲೋ. ಕಿಲೋಗೆ ಬಿದ್ದದ್ದು ಸುಮಾರು 154 ರೂಪಾಯಿ. ಎರಡನೆಯದು ಕಿಲೋಗೆ 150. ಅದರಲ್ಲಿ ಹತ್ತಿರ ಹತ್ತಿರ ಹದಿನಾರೂವರೆ ಲೀಟರ್ ಎಣ್ಣೆ ಇದೆ.

ಲೀಟರಿನ ಅಳತೆಗೆ ಇನ್ನೊಂದು ದೋಷವೂ ಇದೆ. ಬಿಸಿಯಾದರೆ ಎಣ್ಣೆ ಹಿಗ್ಗುತ್ತದೆ, ಅದೇ ಲೀಟರಿನಲ್ಲಿ ತೂಕ ಇಳಿಯುತ್ತದೆ. ಅದಕ್ಕೇ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ, ಪ್ಯಾಕೆಟ್ಟಿನ ಮೇಲೆ ‘ಇಷ್ಟು ಡಿಗ್ರಿಯಲ್ಲಿ ಇಷ್ಟು ಲೀಟರು’ ಎಂದು ಬರೆಯುವುದನ್ನು ಬಿಟ್ಟು, ಲೀಟರಿನ ಜೊತೆ ತೂಕವನ್ನೂ ಹಾಕಿ ಎಂದು ಎಣ್ಣೆ ಕಂಪನಿಗಳಿಗೆ ಹೇಳಿತು. ನಮ್ಮ ಸ್ಟೋರಿನ ರಿಜಿಸ್ಟರಿನಲ್ಲಿ ಈಗ ಎಣ್ಣೆಗೆ ಲೀಟರಿನ ಕಾಲಮ್ಮೇ ಇಲ್ಲ. ಟಿನ್ನು ಬಂದ ಕೂಡಲೇ ಅದರ ಮೇಲಿನ ನಿವ್ವಳ ತೂಕ ಓದಿ, ಕಿಲೋ ಮಾತ್ರ ಬರೆಯುತ್ತೇವೆ.