ಗೇಟಿನ ಎದುರಿನ ಕಂಬ

ನಮ್ಮ ಶಾಲೆಯ ಗೇಟಿನ ಎದುರು ಈಗ ಬಿಳಿ ಎಲ್‌ಇಡಿ ದೀಪವಿದೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ, ಅಂದ್ರೆ 2017-18ರಲ್ಲಿ, ಅಲ್ಲಿದ್ದದ್ದು ಕಿತ್ತಳೆ ಬೆಳಕಿನ ಸೋಡಿಯಂ ದೀಪ. ಅದರ ಕೆಳಗೆ ಗೋಣಿಚೀಲ ಹಾಸಿಕೊಂಡು ಅಕ್ಕ ನೀಟ್ ಪರೀಕ್ಷೆಗೆ ಓದುತ್ತಿದ್ದಳು.

ಒಡಹುಟ್ಟಿದ ಅಕ್ಕ ಅಲ್ಲ. ಸಿಂದಗಿ ಕಡೆಯ ಹಳ್ಳಿಯವಳು. ಪಿಯುಸಿ ಮುಗಿದ ಮೇಲೆ, ಗೋವಾದ ಝುವಾರಿನಗರದಲ್ಲಿ ಕೂಲಿಗಿದ್ದ ಅಪ್ಪ ಅವ್ವನ ಹತ್ತಿರ ಬಂದಿದ್ದಳು. ಒಂದೇ ಕೋಣೆ, ಐದು ಜನ. ಅಪ್ಪ ಬೆಳಗಿನ ನಾಲ್ಕಕ್ಕೆ ಏಳಬೇಕು, ಹಾಗಾಗಿ ರಾತ್ರಿ ಒಂಬತ್ತೂವರೆಗೆ ಮನೆಯ ದೀಪ ಆರುತ್ತಿತ್ತು. ಆಮೇಲೆ ಅಕ್ಕ ಕಂಬದ ಕೆಳಗೆ. ಮಗಳು ಒಬ್ಬಳೇ ಇರಬಾರದು ಅಂತ ಅವ್ವ ಪಕ್ಕದಲ್ಲೇ ಕೂತು ಹೋಟೆಲ್ಲಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಮ್ಮ ಮನೆ ಎದುರಿಗೇ ಇತ್ತು. ನಾನೂ ಪುಸ್ತಕ ಹಿಡಿದು ಹೋಗಿ ಕೂರುತ್ತಿದ್ದೆ.

ಕರೆಂಟು ಹೋಗಿ ಬಂದರೆ ಆ ದೀಪ ತಕ್ಷಣ ಹತ್ತುತ್ತಿರಲಿಲ್ಲ. ಮೊದಲು ತಣ್ಣಗಾಗಬೇಕು, ಆಮೇಲೆ ಮಂಕಾಗಿ ಹೊತ್ತಿ ಮೆಲ್ಲಗೆ ಕಿತ್ತಳೆಗೆ ತಿರುಗಬೇಕು. ಆ ಐದಾರು ನಿಮಿಷ ಅಕ್ಕ ಸುಮ್ನೆ ಕೂರುತ್ತಿರಲಿಲ್ಲ. ಕತ್ತಲಲ್ಲೇ ನನಗೆ ಪ್ರಶ್ನೆ ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ನೋಟ್‌ಬುಕ್ ಹಿಡಿದು ಓಡಿಬಂದಳು. "ತಮ್ಮಾ, ಇದೇನ್ ಬಣ್ಣ ಹೇಳೋ?" ಹಿಂದಿನ ರಾತ್ರಿ ಬರೆದ ಹೃದಯದ ಚಿತ್ರ. ಶ್ವಾಸಕೋಶದ ಅಪಧಮನಿ ಕೆಂಪಗಿತ್ತು, ಅಭಿಧಮನಿ ನೀಲಿ. ಆಮ್ಲಜನಕ ಜಾಸ್ತಿ ಇರೋ ರಕ್ತಕ್ಕೆ ಕೆಂಪು, ಕಡಿಮೆ ಇರೋದಕ್ಕೆ ನೀಲಿ ಹಾಕಬೇಕು. ಇಲ್ಲಿ ಎರಡೂ ಅದಲುಬದಲು! ಸೋಡಿಯಂ ಬೆಳಕಿನಲ್ಲಿ ಕೆಂಪು ಇಂಕು ಕಂದಾಗಿ, ನೀಲಿ ಕಪ್ಪಾಗಿ ಕಾಣುತ್ತದೆ. ತೆಳ್ಳಗೆ ಗೆರೆ ಎಳೆದರೆ ಯಾವುದು ಯಾವುದೋ ಗೊತ್ತೇ ಆಗಲ್ಲ. ಅವಳು ಪೆನ್ನು ತಪ್ಪಾಗಿ ಹಿಡಿದಿದ್ದಳು. ಅಪಧಮನಿಯಲ್ಲಿ ಯಾವಾಗಲೂ ಆಮ್ಲಜನಕ ಜಾಸ್ತಿ ಇರೋ ರಕ್ತವೇ ಹರಿಯುತ್ತದೆ ಅಂತ ನಾನೂ ನಂಬಿದ್ದೆ. ಹಾಗಲ್ಲ. ಹೃದಯದಿಂದ ಹೊರಗೆ ಒಯ್ಯೋದು ಅಪಧಮನಿ, ಹೃದಯಕ್ಕೆ ತರೋದು ಅಭಿಧಮನಿ, ಅಷ್ಟೇ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ. ಅಂದಿನಿಂದ ಅವಳು ಬಣ್ಣ ಬಿಟ್ಟಳು. ಆಮ್ಲಜನಕ ಕಡಿಮೆ ಇರೋ ರಕ್ತಕ್ಕೆ ತುಂಡು ಗೆರೆ, ಜಾಸ್ತಿ ಇರೋದಕ್ಕೆ ಪೂರ್ತಿ ಗೆರೆ. ಯಾವ ಬೆಳಕಿನಲ್ಲೂ ತಪ್ಪಾಗಲಿಲ್ಲ.

ಪರೀಕ್ಷೆಗೆ 180 ಪ್ರಶ್ನೆ, ಮೂರು ಗಂಟೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಕಡಿತ. ಜನವರಿಯಲ್ಲಿ ಹಳೇ ಪೇಪರೊಂದನ್ನು ಪೂರ್ತಿ ಬರೆದಳು. 112 ಸರಿ, 68 ತಪ್ಪು: 448ರಲ್ಲಿ 68 ಕಳೆದು 380. ಅನುಮಾನ ಇದ್ದ ಕಡೆಯಲ್ಲೆಲ್ಲ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟಿದ್ದಳು. ಅವನ್ನೇ ಬೇರೆ ಎಣಿಸಿದೆವು. ಚುಕ್ಕೆಯವು 40, ಸರಿಯಾದದ್ದು 6. ಅಂದ್ರೆ 24 ಬಂತು, 34 ಹೋಯಿತು. ಆ 40 ಬಿಟ್ಟಿದ್ದರೆ 390 ಆಗುತ್ತಿತ್ತು! ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕಕ್ಕೆ ಒಂದು ಸರಿಯಾಗಬೇಕು ಅಲ್ವಾ, ಅವಳದ್ದು ಅದಕ್ಕಿಂತ ಕಡಿಮೆ ಹೇಗೆ? ಎರಡು ರಾತ್ರಿ ಅದನ್ನೇ ನೋಡಿದೆವು. ಅರ್ಧ ಓದಿದವರು ಮಾಡುವ ತಪ್ಪನ್ನೇ ಒಂದು ಆಯ್ಕೆಯಾಗಿ ಇಟ್ಟಿರುತ್ತಾರೆ. ಅರ್ಧ ಗೊತ್ತಿದ್ದಾಗ ಕೈ ಅಲ್ಲಿಗೇ ಹೋಗುತ್ತದೆ.

ಇನ್ನೊಂದು ತಪ್ಪೂ ಆಗ ಕಂಡಿತು. 'ಇವುಗಳಲ್ಲಿ ಯಾವುದು ಸರಿಯಲ್ಲ' ಅಂತ ಕೇಳಿದ್ದನ್ನು ಇಂಗ್ಲಿಷಿನಲ್ಲಿ ಅವಸರಕ್ಕೆ 'ಯಾವುದು ಸರಿ' ಅಂತ ಓದಿಕೊಂಡಿದ್ದಳು. ಹತ್ತರವರೆಗೆ ಕನ್ನಡದಲ್ಲೇ ಕಲಿತವಳು. ಕನ್ನಡದಲ್ಲಿ 'ಅಲ್ಲ' ಕೊನೆಗೆ ಬರುತ್ತದೆ, ವಾಕ್ಯ ಮುಗಿಯುವಾಗ ಕಣ್ಣು ಅದರ ಮೇಲೇ ನಿಂತಿರುತ್ತದೆ. ಹಾಗಾಗಿ ಕನ್ನಡ ಪ್ರಶ್ನೆಪತ್ರಿಕೆ ಆರಿಸಿಕೊಂಡಳು. ಪಕ್ಕದಲ್ಲೇ ಇಂಗ್ಲಿಷ್ ಕೂಡ ಇರುತ್ತಿತ್ತು, ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷಿನದ್ದೇ ಅಂತಿಮ. ಆದರೆ ಕನ್ನಡ ಪತ್ರಿಕೆ ಸಿಗುತ್ತಿದ್ದದ್ದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಗೋವಾದಲ್ಲಿ ಮನೆ ಹತ್ತಿರ ಕೇಂದ್ರ ಇದ್ದರೂ ಅರ್ಜಿಯಲ್ಲಿ ಬೆಳಗಾವಿ ಅಂತ ಬರೆಯಬೇಕಾಯಿತು. ಪಣಜಿಗೆ ಹೋಗಿ, ಚೋರ್ಲಾ ಘಾಟಿಯ ಬಸ್ಸು ಹಿಡಿದು, ಅವ್ವನ ಜೊತೆ ಹಿಂದಿನ ದಿನವೇ ಹೋದಳು.

ಪರೀಕ್ಷೆ 2018ರ ಮೇ 6, ಭಾನುವಾರ. ಮರುದಿನ ರಾತ್ರಿ ಪ್ರಶ್ನೆಪತ್ರಿಕೆ ಹಿಡಿದು ಕಂಬದ ಕೆಳಗೆ ಬಂದಳು. ಅವಳು ಬಿಟ್ಟ ಪ್ರಶ್ನೆಗಳನ್ನು ನಾನು ಎಣಿಸಿದೆ: 29. "ಎಲ್ಲಾ ಚುಕ್ಕಿವೇ ನೋಡು" ಅಂದಳು. ಅವ್ವ ಬೆಳ್ಳುಳ್ಳಿ ಬುಟ್ಟಿ ಬದಿಗಿಟ್ಟು ಅವಳ ಬೆನ್ನು ಸವರಿದರು.

ಆ ವರ್ಷ ಗ್ರಾಮೀಣ ಮೀಸಲಾತಿಯಲ್ಲಿ ಅವಳಿಗೆ ಕರ್ನಾಟಕದ ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹೊರಡುವಾಗ ಆ ನೋಟ್‌ಬುಕ್ ನನಗೆ ಕೊಟ್ಟಳು, ಇನ್ನೂ ನನ್ನ ಹತ್ತಿರವೇ ಇದೆ. ಅದಲುಬದಲಾದ ಹೃದಯದ ಚಿತ್ರವನ್ನು ಅವಳು ಹರಿದು ಹಾಕಿಲ್ಲ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿದ್ದಾಳೆ: 'ರಾತ್ರಿ ತೆಗೆದದ್ದು. ಹಗಲು ನೋಡು.'